ನಮ್ಮ ವಗ್ಗಾಣಿ ಬಂಡಿಗೆ ಹೆಸರು ಬೇಕ್ರಿ, ಸಹಾಯ ಮಾಡ್ರಿ

ರಾಯಚೂರಾಗ ನಮ್ದು ವಗ್ಗಾಣಿ-ಮಿರ್ಚಿ ಬಂಡಿ ಐತ್ರಿ, ಮುಂಜಾನೆ ರೈಲ್ವೆ ಸ್ಟೇಷನ್ ಹತ್ರ, ಸಂಜಿಗೆ ತೀನ್ ಕಂದೀಲ್ ಕಡೆ. ಮೊದ್ಲು 'ಸ್ಟೇಷನ್ ವಗ್ಗಾಣಿ' ಅಂತ ಬರೆಸಿದ್ವಿ, ಅದೇ ತಪ್ಪಾತು, ಸಂಜಿಗೂ ಮಂದಿ ಸ್ಟೇಷನ್‌ಗೇ ಹೋಗಿ ಹುಡುಕಿ ವಾಪಸ್ ಹೋಗ್ತಾರ. ಅದಕ್ಕ ಹೆಸರಿನಾಗ ಜಾಗದ ಮಾತು ಬ್ಯಾಡ, ತಿನ್ನೋ ಪದಾರ್ಥ ಇರಬೇಕು. ಎರಡೇ ಪದ ಸಾಕು, ಬೈಕ್ ಮ್ಯಾಲ ಹೋಗೋರು ಓದಂಗಿರಬೇಕು, ಫೋನಾಗ ಒಂದೇ ಸಲಕ್ಕ ತಿಳಿಬೇಕು. ಇವತ್ತು ಎಲ್ಲಿ ನಿಂತೀವಿ ಅನ್ನೋದನ್ನ ವಾಟ್ಸಾಪ್ ಸ್ಟೇಟಸ್‌ನಾಗ ಹಾಕ್ತೀವಿ, ನಂಬರ್ ಬೋರ್ಡ್ ಮ್ಯಾಲೇ ಇರ್ತದ.

'ತಿರುಗೋ ವಗ್ಗಾಣಿ', 'ಅವ್ವನ ವಗ್ಗಾಣಿ' ಇವೆರಡು ನಮ್ಮ ತಲ್ಯಾಗ ಅದಾವ. ನನಗ ಎರಡನೇದು ಸೇರ್ತದ, ಯಾಕಂದ್ರ ಮಂಡಾಳು ನೆನೆಸಿ ಹಿಂಡೋದು ಈಗ್ಲೂ ಅವ್ವನೇ, ಆದ್ರ ಅಂಥ ಹೆಸರಿನ ಬಂಡಿ ನಮ್ಮೂರಾಗ ಮೊದ್ಲೇ ಇದ್ರ ಹೇಳ್ರಿ. ಪೇಂಟರ್ ಸೋಮವಾರ ಬರ್ತಾನ, ಅದಕ್ಕಿಂತ ಮುಂಚೆ ತಿಳಿಸಿದ್ರ ಭಾಳ ಉಪಕಾರ ಆಗ್ತದ.