ಸರ್ಟಿಫಿಕೇಟಿನ ಕೆಳಗಿನ ಗೆರೆ ಎಲ್ಲಿಗೆ ಹೋಯಿತು?

"ಮಾಮ, ರಾಜ್ಯೋತ್ಸವದ ದಿನ ಮಕ್ಕಳಿಗೆ ಕೊಡೋ ಸರ್ಟಿಫಿಕೇಟಿಗೆ ವರ್ಡ್‌ನಲ್ಲಿ ಬಾರ್ಡರ್ ಹಾಕಿದ್ದೇನೆ. ಸ್ಕ್ರೀನ್ ಮೇಲೆ ನಾಲ್ಕೂ ಕಡೆ ಚೆನ್ನಾಗಿದೆ. ಪ್ರಿಂಟ್ ತೆಗೆದರೆ ಕೆಳಗಿನ ಗೆರೆ ಬರೋದೇ ಇಲ್ಲ. ಇನ್ನೊಂದು ಥರ ಮಾಡಿದರೆ ಬರುತ್ತೆ, ಆದರೆ ಸುತ್ತ ಜಾಗ ಒಂದೇ ಸಮ ಇರೋದಿಲ್ಲ. ಬಾವ ಹೊಸ ಪ್ರಿಂಟರ್ ತಗೋ ಅಂತಿದ್ದಾರೆ. ಏನು ಮಾಡಲಿ?"

ಹೊಸ ಪ್ರಿಂಟರ್ ಬೇಡ ಪುಟ್ಟಿ, ಬಾವನಿಗೂ ಹೇಳಿಬಿಡು. ನೀನು ಕಳಿಸಿದ ಫೈಲ್ ತೆರೆದು ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಡೊಂಬಿವಲಿಯಿಂದ ಸಿಎಸ್‌ಎಂಟಿ ತಲುಪುವಷ್ಟರಲ್ಲಿ ಓದಿ ಮುಗಿಸಬಹುದು, ಕೂರಲು ಸೀಟು ಸಿಕ್ಕರೆ.

ಮನೆಯ ಪ್ರಿಂಟರ್ ಮಾಮೂಲಾಗಿ ಕಾಗದದ ಅಂಚಿನವರೆಗೂ ಮುದ್ರಿಸುವುದಿಲ್ಲ. ಸುತ್ತ ಒಂದಿಷ್ಟು ಜಾಗ ಬಿಟ್ಟೇ ಬಿಡುತ್ತದೆ. ಲೇಸರ್ ಪ್ರಿಂಟರ್ ಸಾಮಾನ್ಯವಾಗಿ ನಾಲ್ಕೂ ಕಡೆ ಸುಮಾರು 4 ಮಿಲಿಮೀಟರ್ ಬಿಡುತ್ತದೆ. ಇಂಕ್‌ಜೆಟ್ ಮೂರು ಕಡೆ 3 ಮಿಲಿಮೀಟರ್ ಬಿಟ್ಟರೆ ಸಾಕು ಅನ್ನುತ್ತದೆ, ಆದರೆ ಹಲವು ಮಾಡೆಲ್‌ಗಳಲ್ಲಿ ಕೆಳಗಡೆ ಮಾತ್ರ 12-13 ಮಿಲಿಮೀಟರ್ ಬೇಕು. ಕಾಗದದ ಕೊನೆಯ ತುದಿ ರೋಲರ್‌ನ ಹಿಡಿತದಿಂದ ಜಾರಿದ ಮೇಲೆ ಅದನ್ನು ನೇರವಾಗಿ ಎಳೆಯುವವರು ಯಾರೂ ಇರುವುದಿಲ್ಲ, ಅದಕ್ಕೆ. ನಿನ್ನದು ಇಂಕ್‌ಜೆಟ್, ಹೋಗಿರುವುದು ಕೆಳಗಿನ ಗೆರೆ ಮಾತ್ರ. ಸರಿಹೋಯಿತು ಅಲ್ವಾ? ಬೇಕಿದ್ದರೆ ಅದೇ ಫೈಲನ್ನು ಅಡ್ಡ ಪುಟ ಮಾಡಿ ತೆಗೆದು ನೋಡು. ಕಾಗದ ಒಳಗೆ ಹೋಗುವುದು ಮೊದಲಿನ ಹಾಗೆಯೇ, ಆದ್ದರಿಂದ ಈಗ ಎಡದ್ದೋ ಬಲದ್ದೋ ಗೆರೆ ಮಾಯವಾಗುತ್ತದೆ. ಹಾಗಾದರೆ ತಪ್ಪು ವಿನ್ಯಾಸದ್ದಲ್ಲ, ಆ ತುದಿಯದ್ದು ಅಂತ ಖಾತ್ರಿ.

ಈಗ ವರ್ಡ್ ಏನು ಮಾಡುತ್ತಿದೆ ನೋಡು. `Design` ಒಳಗೆ `Page Borders`, ಅದರಲ್ಲಿ ಕೆಳಗೆ `Options` ಇದೆ. ಅಲ್ಲಿ ನಾಲ್ಕೂ ಕಡೆ 24 pt ಅಂತಲೂ, `Measure from` ಎದುರು `Edge of page` ಅಂತಲೂ ಇದೆ. ಅದು ವರ್ಡ್ ತಾನೇ ಹಾಕಿಕೊಂಡದ್ದು, ನೀನು ಮುಟ್ಟಿಲ್ಲ. ಒಂದು ಇಂಚಿಗೆ 72 ಪಾಯಿಂಟ್. ಅಂದರೆ 24 ಪಾಯಿಂಟ್ ಸುಮಾರು 8.5 ಮಿಲಿಮೀಟರ್. ಕಾಗದದ ಅಂಚಿನಿಂದ 8.5 ಮಿಲಿಮೀಟರ್ ಒಳಗೆ ಗೆರೆ ಎಳೆ ಅಂತ ವರ್ಡ್ ಹೇಳುತ್ತಿದೆ, ಕೆಳಗಿನ 12-13 ಮಿಲಿಮೀಟರ್ ನಾನು ಮುಟ್ಟುವುದೇ ಇಲ್ಲ ಅಂತ ಪ್ರಿಂಟರ್ ಹೇಳುತ್ತಿದೆ. ಗೆರೆ ಹೋಗಿದ್ದು ಅಲ್ಲಿ. ಝೆರಾಕ್ಸ್ ಅಂಗಡಿಯ ಲೇಸರ್‌ನಲ್ಲಿ ಇದೇ ಫೈಲ್ ಪೂರ್ತಿ ಬರುವುದೂ ಇದಕ್ಕೇ.

ಹಾಗಾದರೆ 24 ಅನ್ನು ಜಾಸ್ತಿ ಮಾಡಿದರೆ ಆಯಿತಲ್ಲ ಅಂತೀಯ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆ ಡಬ್ಬಿಯಲ್ಲಿ 31ಕ್ಕಿಂತ ಜಾಸ್ತಿ ಹಾಕಲು ವರ್ಡ್ ಬಿಡುವುದಿಲ್ಲ. 31 ಪಾಯಿಂಟ್ ಅಂದರೆ ಸುಮಾರು 11 ಮಿಲಿಮೀಟರ್, ಇನ್ನೂ ಸಾಲದು. ಅಂಚಿನಿಂದ ಅಳೆಯುವವರೆಗೂ ನಿನ್ನ ಪ್ರಿಂಟರ್‌ನಲ್ಲಿ ಕೆಳಗಿನ ಗೆರೆ ಬರುವುದಿಲ್ಲ, ಎಷ್ಟು ತಲೆ ಕೆಡಿಸಿಕೊಂಡರೂ ಅಷ್ಟೇ.

`Measure from` ಅನ್ನು `Text` ಅಂತ ಬದಲಿಸಬೇಕು. ಆಗ ಅಳತೆ ಕಾಗದದ ಅಂಚಿನಿಂದ ಅಲ್ಲ, ನಿನ್ನ ಬರಹದ ಜಾಗದಿಂದ ಹೊರಕ್ಕೆ. ನಿನ್ನ ಮಾರ್ಜಿನ್ 2.54 ಸೆಂಟಿಮೀಟರ್, ಅಂದರೆ 25.4 ಮಿಲಿಮೀಟರ್. ಅದರಿಂದ 24 ಪಾಯಿಂಟ್ ಹೊರಗೆ ಗೆರೆ ಅಂದರೆ ಅಂಚಿನಿಂದ ಸುಮಾರು 17 ಮಿಲಿಮೀಟರ್ ಒಳಗೆ ಬಂತು. ಇಂಕ್‌ಜೆಟ್‌ನ ಕೆಳತುದಿಗೂ ಸಿಗದಷ್ಟು ದೂರ.

ಆದರೆ `Text` ಅಂತ ಒತ್ತಿದ ತಕ್ಷಣ ವರ್ಡ್ ಆ ನಾಲ್ಕು ಅಂಕಿಗಳನ್ನು ಬದಲಿಸಿಬಿಡುತ್ತದೆ. ಮೇಲೆ ಕೆಳಗೆ 1, ಎಡ ಬಲ 4. ನೀನು ಗಮನಿಸದೆ `OK` ಕೊಟ್ಟಿರುತ್ತೀಯ, ಗೆರೆ ಬರಹಕ್ಕೆ ಅಂಟಿಕೊಂಡು, ಸುತ್ತ ಜಾಗವೂ ಬೇರೆ ಬೇರೆ ಆಗುತ್ತದೆ. ನಾಲ್ಕಕ್ಕೂ 24 ಅಂತ ಮತ್ತೆ ಟೈಪ್ ಮಾಡು. ಅಲ್ಲೇ ಕೆಳಗೆ `Surround header`, `Surround footer` ಅಂತ ಎರಡು ಟಿಕ್ ಇವೆ. ಎರಡನ್ನೂ ತೆಗೆದುಬಿಡು. ಇಲ್ಲದಿದ್ದರೆ ಬಾರ್ಡರ್ ಫೂಟರನ್ನೂ ಒಳಗೆ ಸೇರಿಸಿಕೊಂಡು ಕೆಳಗೆ ಇಳಿಯುತ್ತದೆ. ಫೂಟರ್ ಇರುವುದೇ ಅಂಚಿನಿಂದ ಒಂದೂಕಾಲು ಸೆಂಟಿಮೀಟರ್ ಆಸುಪಾಸಿನಲ್ಲಿ, ಮತ್ತೆ ಅದೇ ಗುಂಡಿಗೆ ಬಿದ್ದ ಹಾಗೆ. ನೀನು ಹೇಳಿದ "ಇನ್ನೊಂದು ಥರ" ಬಹುಶಃ ಇದೇ ಇರಬೇಕು: `Text` ಸರಿಯಾಗಿ ಆರಿಸಿ, ಈ ಅಂಕಿಗಳನ್ನು ಹಾಗೇ ಬಿಟ್ಟಿದ್ದು.

ಇನ್ನೊಂದು ಮಾತು. `Text` ನಿಂದ ಅಳೆದಾಗ ಬಾರ್ಡರ್ ನಿನ್ನ ಮಾರ್ಜಿನ್ ಹಿಂದೆಯೇ ಹೋಗುತ್ತದೆ. ಹಳೆಯ ಫೈಲ್‌ಗಳಲ್ಲಿ ಎಡ ಬಲ 3.17, ಮೇಲೆ ಕೆಳಗೆ 2.54 ಇರುತ್ತಿತ್ತು. ಅಂಥದ್ದನ್ನು ಕಾಪಿ ಮಾಡಿದರೆ ಪಕ್ಕದ ಜಾಗ ಅಗಲವಾಗಿಯೇ ಕಾಣುತ್ತದೆ. `Layout` ನಲ್ಲಿ ನಾಲ್ಕೂ ಮಾರ್ಜಿನ್ ಒಂದೇ ಮಾಡು, `Gutter` ಸೊನ್ನೆ ಇರಲಿ, `Size` ನಲ್ಲಿ A4 ಇದೆಯಾ ನೋಡು. ನಿನ್ನ ಫೈಲ್‌ನಲ್ಲಿ `Letter` ಇತ್ತು! ಅದು 216 ಅಗಲ, 279 ಎತ್ತರ. ನಾವು ತರುವ ಎ4 210 ಅಗಲ, 297 ಎತ್ತರ. ಇದರ ಮೇಲೆ ಅದನ್ನು ತೆಗೆದರೆ ನಾಲ್ಕೂ ಕಡೆ ಸಮ ಬರುವುದು ಹೇಗೆ?

ಬಾವನ ಪ್ರಿಂಟರ್‌ಗೆ ನಿಜವಾಗಿ ಎಷ್ಟು ಬೇಕು ಅಂತ ತಿಳಿಯುವ ಉಪಾಯವೂ ಇದೆ. ಹೊಸ ಖಾಲಿ ಫೈಲ್ ತೆರೆ. ಮೊದಲು ಪ್ರಿಂಟ್ ಪರದೆಯಲ್ಲಿ ಅದೇ ಪ್ರಿಂಟರ್ ಆರಿಸು, ಇಲ್ಲದಿದ್ದರೆ ಪಿಡಿಎಫ್‌ನ ಲೆಕ್ಕ ಬರುತ್ತದೆ. ಆಮೇಲೆ `Custom Margins` ನಲ್ಲಿ ನಾಲ್ಕೂ ಕಡೆ 0 ಹಾಕಿ `OK` ಕೊಡು. ಮಾರ್ಜಿನ್ ಮುದ್ರಿಸುವ ಜಾಗದ ಹೊರಗಿದೆ ಅಂತ ವರ್ಡ್ ಗೊಣಗುತ್ತದೆ. `Fix` ಒತ್ತಿದರೆ ಆ ಪ್ರಿಂಟರ್‌ಗೆ ಬೇಕಾದ ಕನಿಷ್ಠ ಅಳತೆಯನ್ನು ತಾನೇ ತುಂಬುತ್ತದೆ. ಆ ಅಂಕಿ ಬರೆದುಕೊಂಡು ಫೈಲ್ ಮುಚ್ಚಿಬಿಡು. ಕೆಳಗಿನದ್ದು 1.2 ಅಥವಾ 1.3 ಸೆಂಟಿಮೀಟರ್ ಬಂದರೆ ನಾನು ಹೇಳಿದ್ದೇ ಕಾರಣ.

ಇಷ್ಟಾದ ಮೇಲೂ ಸ್ವಲ್ಪ ವಾಲಿದ ಹಾಗೆ ಕಂಡರೆ ಸ್ಕೇಲ್ ಹಿಡಿದು ಅಳತೆ ಮಾಡು, ಕಣ್ಣಂದಾಜು ಬೇಡ. ಬಾರ್ಡರ್ ಚೌಕ ಸುಮಾರು 176 ಅಗಲ, 263 ಎತ್ತರ ಇರಬೇಕು, ಮಿಲಿಮೀಟರ್‌ನಲ್ಲಿ. ಅಷ್ಟೇ ಇದ್ದು ಒಂದು ಕಡೆಗೆ ಒಂದೆರಡು ಮಿಲಿಮೀಟರ್ ಸರಿದಿದ್ದರೆ ಅದು ಕಾಗದ ಒಳಗೆ ಹೋಗುವಾಗಿನ ಜರುಗು. ಟ್ರೇಯಲ್ಲಿ ಕಾಗದದ ಪಕ್ಕದ ಕ್ಲಿಪ್ ಬಿಗಿ ಮಾಡು. ಪೂರ್ತಿ ಹೋಗದಿರಬಹುದು, ಮನೆಯ ಪ್ರಿಂಟರ್‌ನಲ್ಲಿ ಅಷ್ಟು ಇದ್ದೇ ಇರುತ್ತದೆ. ಗೆರೆ ಅಂಚಿನಿಂದ 17 ಮಿಲಿಮೀಟರ್ ಒಳಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅದೇ 5 ಮಿಲಿಮೀಟರ್‌ನಲ್ಲಿ ಇದ್ದಿದ್ದರೆ ಎದ್ದು ಕಾಣುತ್ತಿತ್ತು. ಚೌಕವೇ ಚಿಕ್ಕದಾಗಿದ್ದರೆ ಮಾತ್ರ ಎಲ್ಲೋ `Fit` ಆನ್ ಆಗಿದೆ. ಪಿಡಿಎಫ್ ಮಾಡಿ ಅಂಗಡಿಗೆ ಕೊಡುವುದಾದರೂ `Actual size` ನಲ್ಲಿ ತೆಗೆಯಿರಿ ಅಂತ ಹೇಳು. ಇಲ್ಲಿ ಪುಣೆಯಲ್ಲಿ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ನಾನು ಬಾಯಿಬಿಟ್ಟು ಹೇಳದೆ ಒಂದು ಹಾಳೆಯನ್ನೂ ಕೊಡುವುದಿಲ್ಲ.

ಮೊದಲು ಸಾದಾ ಕಾಗದದಲ್ಲಿ ಒಂದೇ ಒಂದು ತೆಗೆದು, ಕೆಳಗಿನ ಗೆರೆಯಿಂದ ಅಂಚಿಗೆ ಎಷ್ಟಿದೆ ಅಂತ ಇಲ್ಲೇ ಹಾಕು. ದಪ್ಪ ಕಾಗದದ ಕಟ್ಟು ಅಲ್ಲಿಯವರೆಗೆ ಬಿಚ್ಚಬೇಡ.