ಪದಚರ್ಚೆ: ‘ಏಜ್ ಹೀಪಿಂಗ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತ ಬರೀತೀರಿ?

ಸುಜಾತಾ:

ಎಲ್ಲರಿಗೂ ನಮಸ್ಕಾರ. ಒಂದು ಸರ್ವೇ ವರದಿನ ಕನ್ನಡಕ್ಕೆ ತರ್ತಾ ಇದೀನಿ, ಅದರಲ್ಲಿ ‘ಏಜ್ ಹೀಪಿಂಗ್’ ಅನ್ನೋ ಮಾತು ಪುಟಪುಟಕ್ಕೂ ಬರತ್ತೆ. ವಯಸ್ಸು ಕೇಳಿದಾಗ 30, 40, 50 ಅಂತ ಹೇಳೋರೇ ಜಾಸ್ತಿ, ಹಾಗಾಗಿ ಆ ವಯಸ್ಸುಗಳಲ್ಲಿ ಲೆಕ್ಕ ಗುಡ್ಡೆ ಬಿದ್ದಿರತ್ತೆ ಅನ್ನೋದು ಅರ್ಥ ಅಂದ್ಕೊಂಡಿದೀನಿ. ಸದ್ಯಕ್ಕೆ ‘ವಯಸ್ಸಿನ ರಾಶೀಕರಣ’ ಅಂತ ಬರ್ದಿದೀನಿ, ಆದ್ರೆ ಓದೋರಿಗೆ ಏನೂ ಹೊಳೆಯಲ್ಲ. ಇನ್ನೊಂದು, ವರದಿಯ ಮೊದಲ ಕೋಷ್ಟಕದ ಕೆಳಗೆ ‘ವಿಪಲ್ ಸೂಚ್ಯಂಕ 155’ ಅಂತಿದೆ, ಇದು ಶೇಕಡಾನೋ ಬೇರೇನೋ ಗೊತ್ತಾಗ್ದೆ ವಾಕ್ಯ ಕಟ್ಟೋಕೇ ಆಗ್ತಿಲ್ಲ. ತಿಳಿದೋರು ಹೇಳಿ.

ಪ್ರದೀಪ್:

ಮೇಡಂ, ಇದಕ್ಕೆ ‘ಜನಸಂಖ್ಯೆಗೆ ವಯಸ್ಸಾಗುವಿಕೆ’ ಅಂತ ಬಳಕೆಯಲ್ಲಿದೆ. ಹುಟ್ಟೋರು ಕಡಿಮೆಯಾಗಿ ಹಿರಿಯರ ಪಾಲು ಏರ್ತಾ ಹೋದ್ರೆ ಮೇಲಿನ ವಯಸ್ಸುಗಳಲ್ಲಿ ಜನ ತುಂಬ್ಕೊಳ್ತಾರಲ್ಲ, ಅದೇ.

ರಾಘವೇಂದ್ರ:

ಪ್ರದೀಪ್, ಅವರು ಕೇಳ್ತಿರೋದು ಅದಲ್ಲ ಅನ್ಸತ್ತೆ. ಜನ ತಮ್ಮ ವಯಸ್ಸನ್ನ ರೌಂಡ್ ಮಾಡಿ ಹೇಳೋದು, ಅಷ್ಟೇ. ನಮ್ಮಲ್ಲಿ ‘ಅಜಮಾಸು’ ಅನ್ನೋ ಒಳ್ಳೇ ಪದ ಇದೆ, ‘ಅಜಮಾಸು ವಯಸ್ಸು’ ಅಂದ್ರೆ ಎಲ್ರಿಗೂ ತಿಳಿಯತ್ತೆ. ಕಂಡುಹಿಡಿಯೋದೂ ಸುಲಭ, 39 ಮತ್ತು 41ಕ್ಕಿಂತ 40ರಲ್ಲಿ ಜನ ಜಾಸ್ತಿ ಇದ್ರೆ ರೌಂಡ್ ಮಾಡಿದಾರೆ ಅಂತ ಲೆಕ್ಕ. ಸೂಚ್ಯಂಕ 155 ಅಂದ್ರೆ ನೂರಕ್ಕೆ 55 ಜನ ಸುಳ್ಳು ವಯಸ್ಸು ಹೇಳಿದಾರೆ ಅಂತಿರಬೇಕು.

ಶಶಿಕಲಾ:

ಸುಜಾತಾ ಅವರೇ, ನಾನು ಜನಗಣತಿ ಅಂಕಿಅಂಶಗಳ ಮೇಲೇ ಕೆಲಸ ಮಾಡೋಳು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ರಾಘವೇಂದ್ರ ಸರ್ ಹೇಳಿದ್ದರಲ್ಲಿ ಅರ್ಧ ಸರಿ. ರೌಂಡ್ ಮಾಡೋದು ಒಂದು ಕಾರಣ, ಹೀಪಿಂಗ್ ಅನ್ನೋದು ಅದರಿಂದ ಕೋಷ್ಟಕದಲ್ಲಿ ಕಾಣೋ ಫಲ. ಒಬ್ಬ ವ್ಯಕ್ತಿ ತನಗೆ 40 ಅಂದ್ರೆ ಅದು ನಿಜಾನೋ ಅಜಮಾಸೋ ಯಾರಿಗೂ ಗೊತ್ತಾಗಲ್ಲ, ನಿಜವಾಗ್ಲೂ 40 ಆಗಿರೋರೂ ಅದೇ ಗುಡ್ಡೆಯಲ್ಲಿರ್ತಾರೆ. ಸಾವಿರಾರು ಉತ್ತರ ಒಟ್ಟಿಗೆ ಇಟ್ಟಾಗ ಮಾತ್ರ ಇದು ಕಣ್ಣಿಗೆ ಬೀಳತ್ತೆ, ಆದ್ದರಿಂದ ‘ಅಜಮಾಸು ವಯಸ್ಸು’ ಅಂತ ಒಬ್ಬೊಬ್ಬರ ಉತ್ತರಕ್ಕೆ ಹೆಸರಿಟ್ರೆ ವಾಕ್ಯದ ಅರ್ಥವೇ ಬದಲಾಗತ್ತೆ.

ಇನ್ನು 155. ಇದು ಶೇಕಡಾ ಜನ ಅಲ್ಲ. ವಿಪಲ್ ಲೆಕ್ಕದಲ್ಲಿ 23ರಿಂದ 62ರವರೆಗಿನ ಜನರನ್ನ ಮಾತ್ರ ತಗೋತಾರೆ, ಒಟ್ಟು ನಲವತ್ತು ವಯಸ್ಸು. ಅದರಲ್ಲಿ ಸೊನ್ನೆ ಅಥವಾ ಐದರಲ್ಲಿ ಮುಗಿಯೋವು 25, 30, 35 ಹೀಗೆ 60ರವರೆಗೆ ಎಂಟು, ಅಂದ್ರೆ ಐದನೇ ಒಂದು ಭಾಗ. ಯಾರಿಗೂ ಯಾವ ಅಂಕಿಯ ಕಡೆಗೂ ವಾಲಿಕೆ ಇಲ್ದಿದ್ರೆ ಆ ಎಂಟು ವಯಸ್ಸಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಜನ ಸಿಗಬೇಕು. ಒಂದು ಊಹೆಯ ಕೋಷ್ಟಕ ಇಟ್ಕೊಳ್ಳೋಣ, 23ರಿಂದ 62ರವರೆಗೆ 4000 ಜನ, ಸಿಗಬೇಕಾದ್ದು 800, ಸಿಕ್ಕಿದ್ದು 1240. ಆಗ

`1240 × 5 ÷ 4000 × 100 = 155`

ಅಂದ್ರೆ ಇರಬೇಕಾದ್ದರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಉತ್ತರ ಆ ಎಂಟು ವಯಸ್ಸಲ್ಲಿ ಬಿದ್ದಿದೆ. ಗುಡ್ಡೆಯೇ ಇಲ್ದಿದ್ರೆ 100, ಎಲ್ಲರೂ ಸೊನ್ನೆ-ಐದರಲ್ಲೇ ಉತ್ತರ ಕೊಟ್ರೆ 500. ವಿಶ್ವಸಂಸ್ಥೆಯ ಶ್ರೇಣಿ ಪ್ರಕಾರ 105ರ ಒಳಗಿದ್ರೆ ತುಂಬ ನಿಖರ, 125ರಿಂದ 175ರ ಮಧ್ಯೆ ಇದ್ರೆ ಒರಟು, ಅದನ್ನೂ ದಾಟಿದ್ರೆ ತೀರಾ ಒರಟು. ನಿಮ್ಮ ವಾಕ್ಯದಲ್ಲಿ ‘ವಿಪಲ್ ಸೂಚ್ಯಂಕ 155 ಇತ್ತು’ ಅಂತ ಬಿಟ್ಟರೆ ಸಾಕು, ಶೇಕಡಾ ಚಿಹ್ನೆ ಹಾಕ್ಬೇಡಿ.

23 ಯಾಕೆ, 20ರಿಂದ ಯಾಕಲ್ಲ ಅಂತ ಕೇಳೋರಿಗೆ, 23-27, 28-32 ಹೀಗೆ ಐದೈದು ವಯಸ್ಸಿನ ಕಟ್ಟು ಮಾಡಿ ನೋಡಿ, 25, 30 ಎಲ್ಲ ಕಟ್ಟಿನ ಸರಿಯಾಗಿ ನಡುವೆ ಬರತ್ತೆ. ವಯಸ್ಸು ಏರಿದ ಹಾಗೆ ಜನ ಸಹಜವಾಗೇ ಕಡಿಮೆಯಾಗ್ತಾರೆ, 25ರ ಎಡಗಡೆ ಇರೋ ಹೆಚ್ಚು ಬಲಗಡೆಯ ಕಮ್ಮಿಗೆ ಸರಿಹೋಗತ್ತೆ. 20ರಿಂದ ಶುರು ಮಾಡಿದ್ರೆ ಪ್ರತಿ ಕಟ್ಟಲ್ಲೂ ಸೊನ್ನೆ-ಐದೇ ಮೊದಲು ಬಂದು, ಗುಡ್ಡೆ ಇಲ್ದೆ ಇದ್ರೂ ಇದ್ದ ಹಾಗೆ ಕಾಣ್ತಿತ್ತು. ಚಿಕ್ಕ ಮಕ್ಕಳನ್ನೂ ತುಂಬ ವಯಸ್ಸಾದವರನ್ನೂ ಬಿಡೋದು, ಅಲ್ಲಿ ನಡೆಯೋ ತಪ್ಪುಗಳ ಸ್ವಭಾವವೇ ಬೇರೆ ಅಂತ.

ರಾಘವೇಂದ್ರ:

ಧನ್ಯವಾದ ಮೇಡಂ, 55 ಜನರ ಮಾತು ವಾಪಸ್ ತಗೋತೀನಿ. ಆದ್ರೆ 40ರ ಅಕ್ಕಪಕ್ಕ ನೋಡಿದ್ರೆ ಗೊತ್ತಾಗತ್ತೆ ಅಂದಿದ್ದು ತಪ್ಪಾ?

ಶಶಿಕಲಾ:

ತಪ್ಪಲ್ಲ ಸರ್, ಮೊದಲು ಎಲ್ಲರೂ ಮಾಡೋದೇ ಅದು. ಮೇಲಿನ ಕೋಷ್ಟಕದಲ್ಲೇ 38ರಿಂದ 42ರವರೆಗೆ ಕ್ರಮವಾಗಿ 92, 71, 246, 48, 97 ಜನ ಅಂತಿಟ್ಕೊಳ್ಳಿ. 40ರಲ್ಲಿ ದಿಬ್ಬ, ಎರಡೂ ಪಕ್ಕ ಹಳ್ಳ, ಅದರಲ್ಲೂ 41 ತೀರಾ ಬತ್ತಿದೆ. ದಿಬ್ಬಕ್ಕೆ ಮಣ್ಣು ಪಕ್ಕದ ಹಳ್ಳದಿಂದಲೇ ಬಂದಿರೋದು. ಪಕ್ಕದಲ್ಲಿ ಹಳ್ಳ ಇಲ್ದೆ ದಿಬ್ಬ ಮಾತ್ರ ಇದ್ರೆ ಅನುಮಾನ ಪಡಬೇಕು, ಯಾಕಂದ್ರೆ ಕೆಲವು ವರ್ಷ ನಿಜವಾಗೇ ಹೆಚ್ಚು ಮಕ್ಕಳು ಹುಟ್ಟಿರ್ತಾರೆ, ಕೆಲವು ವರ್ಷ ಕಮ್ಮಿ. ಜಪಾನಲ್ಲಿ 1966 ‘ಬೆಂಕಿ ಕುದುರೆ’ ವರ್ಷ, ಆಗ ಹುಟ್ಟಿದ ಹೆಣ್ಣುಮಕ್ಕಳಿಂದ ಕೆಡುಕು ಅನ್ನೋ ನಂಬಿಕೆಯಿಂದ ಹೆರಿಗೆ ಮುಂದೂಡಿ ಹುಟ್ಟು ಸುಮಾರು ಕಾಲುಭಾಗ ಬಿದ್ದುಹೋಯ್ತು, ಅವರ ಕೋಷ್ಟಕದಲ್ಲಿ ಆ ವರ್ಷದವರ ಜಾಗದಲ್ಲಿ ನಿಜವಾದ ಹಳ್ಳವೇ ಇದೆ. ಇಂಥ ನಿಜವಾದ ಏರಿಳಿತ ಆ ಜನರ ಜೊತೆಗೇ ವರ್ಷಕ್ಕೊಂದು ವಯಸ್ಸು ಮುಂದೆ ಹೋಗತ್ತೆ, ಗುಡ್ಡೆ ಮಾತ್ರ ಎಷ್ಟು ವರ್ಷ ಬಿಟ್ಟು ನೋಡಿದ್ರೂ 40ರಲ್ಲೇ ಇರತ್ತೆ, ಒಳಗಿನ ಜನ ಬದಲಾಗಿರ್ತಾರೆ.

ಮಂಜುನಾಥ್:

ನಾನು ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡೋ ಕೆಲಸದಲ್ಲಿದ್ದೆ. ನಮ್ಮ ರಿಜಿಸ್ಟರ್ ತೆಗೆದ್ರೆ 120/80, 130/90, 140/90 ಇವೇ ತುಂಬಿರ್ತಿದ್ವು, 127 ಅಂತ ಒಂದೂ ಕಾಣ್ತಿರ್ಲಿಲ್ಲ. ಇದನ್ನೂ ಹೀಪಿಂಗ್ ಅಂತಾರಾ, ಇದಕ್ಕೂ ವಿಪಲ್ ಹಾಕ್ಬಹುದಾ? ಹಾಗಿದ್ರೆ ಪದದಲ್ಲಿ ‘ವಯಸ್ಸು’ ಅಂತ ಸೇರಿಸೋದು ಬೇಡ.

ಶಶಿಕಲಾ:

ಮಂಜುನಾಥ್ ಅವರೇ, ಸ್ವಭಾವ ಅದೇ, ಸೂತ್ರ ಅದಲ್ಲ. ಪಾದರಸದ ಬಿಪಿ ಉಪಕರಣದಲ್ಲಿ ಗೆರೆ ಎರಡೆರಡಕ್ಕೆ ಇರತ್ತೆ, ಹಾಗಾಗಿ 127 ಬರದೇ ಇರೋದು ದೋಷ ಅಲ್ಲ. ಸಮ ಅಂಕಿ ಐದೇ ಇರೋದ್ರಿಂದ ಸೊನ್ನೆಯಲ್ಲಿ ಮುಗಿಯೋದು ಸುಮಾರು ಶೇ. 20 ಇರಬೇಕು, ಶೇ. 10 ಅಲ್ಲ. ಅದಕ್ಕಿಂತ ತುಂಬ ಜಾಸ್ತಿ ಇದ್ರೆ ಆಗ ಅದು ಗುಡ್ಡೆ. ಯಾವುದನ್ನ ಸಹಜ ಅಂತ ಹಿಡೀಬೇಕು ಅನ್ನೋದು ಪ್ರತಿ ಮಾಹಿತಿಗೂ ಬೇರೆ ಬೇರೆ.

ಸುಜಾತಾ:

ಎಲ್ಲರಿಗೂ ಥ್ಯಾಂಕ್ಸ್. ಶಶಿಕಲಾ ಮೇಡಂ, ಈಗ ಇನ್ನೊಂದು ಗೊಂದಲ. ಅದೇ ವರದಿಯಲ್ಲಿ 2023ರ ಎರಡನೇ ಸರ್ವೇ ಇದೆ, ಅಲ್ಲಿ ವಯಸ್ಸು ಕೇಳ್ದೆ ಹುಟ್ಟಿದ ಇಸವಿ ಕೇಳಿದಾರೆ. ವಿಪಲ್ 91 ಬಂದಿದೆ, ‘ಹೀಪಿಂಗ್ ಇಲ್ಲ’ ಅಂತ ಬರ್ದಿದಾರೆ. ಆದ್ರೆ ಚಿತ್ರದಲ್ಲಿ 33, 43, 53ರ ಹತ್ರ ಎದ್ದು ಕಾಣೋ ದಿಬ್ಬಗಳಿವೆ. ನಾನು ಅನುವಾದ ಮಾಡೋಳು ಅಷ್ಟೇ, ಆದ್ರೂ ಕೇಳ್ತಿದೀನಿ.

ಶಶಿಕಲಾ:

ಒಳ್ಳೇದನ್ನೇ ಹಿಡಿದ್ರಿ! ಹೀಪಿಂಗ್ ಇದೆ, ಜಾಗ ಬದಲಾಗಿದೆ ಅಷ್ಟೇ. 2023ರಲ್ಲಿ 1980 ಕಳೆದ್ರೆ 43, 1970 ಕಳೆದ್ರೆ 53, 1990 ಕಳೆದ್ರೆ 33. ನೆನಪಿಲ್ಲದವರು ಇಸವಿಯನ್ನ 1970, 1980 ಅಂತ ಹೇಳಿದಾರೆ, 1975, 1985 ಅಂದೋರು 48 ಮತ್ತು 38ರಲ್ಲಿ ಬಿದ್ದಿರ್ತಾರೆ. ವಿಪಲ್ ನೋಡೋದು ಸೊನ್ನೆ ಮತ್ತು ಐದನ್ನ ಮಾತ್ರ, ಅಲ್ಲಿಂದ ಜನ 3 ಮತ್ತು 8ಕ್ಕೆ ಹೋಗಿರೋದ್ರಿಂದ 100ಕ್ಕಿಂತ ಕೆಳಗೆ ಬಂದಿದೆ. 91 ಅಂದ್ರೆ ಚೆನ್ನಾಗಿದೆ ಅಂತಲ್ಲ, 100ರಿಂದ ಯಾವ ಕಡೆ ದೂರ ಹೋದ್ರೂ ಏನೋ ಆಗಿದೆ ಅಂತ ನೋಡ್ಬೇಕು. ಇನ್ನೊಂದು ಸೂಕ್ಷ್ಮ, ಹುಟ್ಟುಹಬ್ಬ ಆಗಿದೆಯೋ ಇಲ್ಲವೋ ಅಂತ ನೋಡಿ ತುಂಬಿದ ವಯಸ್ಸು ಲೆಕ್ಕ ಹಾಕಿದ್ರೆ ದಿಬ್ಬ 42, 43 ಅಂತ ಎರಡು ಭಾಗ ಆಗತ್ತೆ, ನಿಮ್ಮಲ್ಲಿ ಅದು ಹೇಗಿದೆ ನೋಡಿ.

ಇಂಥ ಕಡೆ ಮೈಯರ್ಸ್ ಸೂಚ್ಯಂಕ ಬೇಕು, 1940ರದ್ದು. ಅದು ಬಿಡಿ ಸ್ಥಾನದ ಹತ್ತೂ ಅಂಕಿನ ನೋಡತ್ತೆ, ಸಹಜವಾಗಿ ಕಡಿಮೆಯಾಗೋ ಜನಸಂಖ್ಯೆಯ ಪ್ರಭಾವ ತೆಗೆಯೋಕೆ ಎರಡು ಬೇರೆ ಬೇರೆ ಶುರುವಿನಿಂದ ಕೂಡಿ ತೂಕ ಹಾಕ್ತಾರೆ. ಕೊನೆಗೆ ಒಂದೊಂದು ಅಂಕಿಗೂ ಶೇ. 10 ಬರಬೇಕು. ಉದಾಹರಣೆಗೆ 3ಕ್ಕೆ 16.8, 8ಕ್ಕೆ 12.6 ಬಂದು ಮಿಕ್ಕ ಎಂಟೂ ಹತ್ತರ ಕೆಳಗಿದ್ರೆ, ಹೆಚ್ಚಾಗಿರೋದು 6.8 ಮತ್ತು 2.6, ಕೂಡಿದ್ರೆ 9.4, ಅದೇ ಸೂಚ್ಯಂಕ. ಕನಿಷ್ಠ ಶೇ. 9.4 ಜನರ ಉತ್ತರ ಬೇರೆ ಅಂಕಿಗೆ ಸರಿಸಿದ್ರೆ ಮಾತ್ರ ಹತ್ತೂ ಸಮ ಆಗತ್ತೆ ಅಂತ ಓದ್ಬೇಕು.

ರಾಘವೇಂದ್ರ:

ಹಾಗಾದ್ರೆ ‘ಸೊನ್ನೆ-ಐದರ ಒಲವು’ ಅನ್ನೋಣ ಅಂತ ಬರೀಬೇಕಂತಿದ್ದೆ, ಈಗ ಅದೂ ಬೀಳತ್ತೆ. ‘ಅಂಕಿ ಒಲವು’ ಅಂದ್ರೆ?

ಶಶಿಕಲಾ:

ಅದೂ ನನಗೆ ಅಷ್ಟು ಒಪ್ಪಿಗೆ ಇಲ್ಲ ಸರ್. ಒಲವು ಯಾರದ್ದು? ಎಷ್ಟೋ ಸಲ ಮನೆಯಲ್ಲಿ ಸಿಕ್ಕೋರು ಬೇರೆಯವರ ವಯಸ್ಸು ಹೇಳಿರ್ತಾರೆ, ಇನ್ನೆಷ್ಟೋ ಸಲ ಉತ್ತರ ಬರದೇ ಇದ್ದಾಗ ಸರ್ವೇಯವರೇ ಮುಖ ನೋಡಿ ‘ಒಂದು ಐವತ್ತು ಬರ್ಕೊಳ್ಲಾ?’ ಅಂತಾರೆ. ಸಂದರ್ಶಕರ ಪ್ರಕಾರ ಬೇರೆ ಬೇರೆ ಸೂಚ್ಯಂಕ ತೆಗೆದು ನೋಡಿದ್ರೆ ಕೆಲವು ಸಲ ದೊಡ್ಡ ಗುಡ್ಡೆ ಒಂದಿಬ್ಬರ ಫಾರಂಗಳಿಂದಲೇ ಬಂದಿರತ್ತೆ. ‘ವಯಸ್ಸಿನ ಗುಡ್ಡೆ’ ಅನ್ನೋದು ಯಾರ ಮೇಲೂ ಹೊರಿಸಲ್ಲ, ಕಂಡಿದ್ದನ್ನ ಮಾತ್ರ ಹೇಳತ್ತೆ.

ರಾಘವೇಂದ್ರ:

ಗುಡ್ಡೆ ಅಂದ್ರೆ ಯಾರೋ ಕೂಡಿ ಹಾಕಿದ್ದು ಅನ್ನೋ ಹಾಗೆ ಕೇಳತ್ತೆ ಮೇಡಂ. ‘ವಯಸ್ಸು ಒಟ್ಟುಗೂಡಿಕೆ’ ನನಗೆ ಇನ್ನೂ ಹತ್ತಿರ ಅನ್ಸತ್ತೆ, ಆದ್ರೆ ಒಟ್ಟು ಮೊತ್ತ ಅಂತ ಅರ್ಥ ಆಗೋ ಅಪಾಯ ಅದಕ್ಕೂ ಇದೆ.

ಸುಜಾತಾ:

ನಾನು ಸದ್ಯಕ್ಕೆ ‘ವಯಸ್ಸಿನ ಗುಡ್ಡೆ’ ಅಂತ ಇಟ್ಕೊಂಡು, ಮೊದಲ ಸಲ ಬಂದ ಕಡೆ ಒಂದು ಸಾಲು ವಿವರಣೆ ಹಾಕ್ತೀನಿ, ಇದಕ್ಕಿಂತ ಒಳ್ಳೇದು ಹೊಳೆದ್ರೆ ಹೇಳಿ. ಎರಡನೇ ಸರ್ವೇಯ ‘ಹೀಪಿಂಗ್ ಇಲ್ಲ’ ಅನ್ನೋ ಸಾಲನ್ನ ಹಾಗೇ ಅನುವಾದ ಮಾಡೋಕೆ ಮನಸ್ಸಿಲ್ಲ, ಬರೆದೋರಿಗೆ 33, 43, 53 ತೋರ್ಸಿ ಹತ್ತೂ ಅಂಕಿಗಳ ಲೆಕ್ಕ ಮತ್ತೆ ಸಂದರ್ಶಕರ ಪ್ರಕಾರ ಕೋಷ್ಟಕ ಇದೆಯಾ ಅಂತ ಇವತ್ತೇ ಕೇಳ್ತೀನಿ. ಇಸವಿಯಿಂದ ವಯಸ್ಸು ಹೇಗೆ ತೆಗೆದ್ರು ಅನ್ನೋದನ್ನೂ ಕೇಳ್ತೀನಿ, ಚಿತ್ರದಲ್ಲಿ 42ರಲ್ಲೂ ಸಣ್ಣ ದಿಬ್ಬ ಇದೆ.