ಮಗಳು ಹುಟ್ಟಿದ್ದು ಶಾರ್ವರಿಯಲ್ಲೋ ಪ್ಲವದಲ್ಲೋ?

ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ವಂಶವೃಕ್ಷ ಬರೆದು, ಪ್ರತಿಯೊಬ್ಬರ ಹೆಸರಿನ ಮುಂದೆ ಹುಟ್ಟಿದ ಸಂವತ್ಸರ ಬರೆಯಲು ಹೇಳಿದ್ದಾರಲ್ಲ, ಅದನ್ನು ಕಂಡುಹಿಡಿಯುವುದು ಹೇಗೆ ಅಂತ ನಿನ್ನೆಯಿಂದ ಗುಂಪಿನಲ್ಲಿ ಕೇಳುತ್ತಿದ್ದೀರಿ. ಲೆಕ್ಕ ಸುಲಭ. ಆದರೆ ನಮ್ಮ ಮನೆಯಲ್ಲಿ ಅದೇ ಲೆಕ್ಕದಿಂದ ಒಂದು ವಾರ ಫೋನ್ ಮೇಲೆ ಫೋನ್ ನಡೆದಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಇಸವಿಗೆ 54 ಕೂಡಿಸಿ, 60ರಿಂದ ಭಾಗಿಸಿ. ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಪ್ರಭವ 1, ವಿಭವ 2, ಶುಕ್ಲ 3, ಹೀಗೆ ಕೊನೆಗೆ ಕ್ರೋಧನ 59, ಅಕ್ಷಯ 60. ಅಕ್ಷಯಕ್ಕೆ ಕ್ಷಯ ಅಂತಲೂ ಹೇಳುತ್ತಾರೆ. 60 ಹೆಸರೂ ಕ್ರಮವಾಗಿ ಯಾವ ಪಂಚಾಂಗದಲ್ಲಾದರೂ ಸಿಗುತ್ತವೆ.

ನಮ್ಮಪ್ಪನ ಉದಾಹರಣೆ ತೆಗೆದುಕೊಳ್ಳಿ. ಅವರು ಹುಟ್ಟಿದ್ದು ಸೋಮವಾರಪೇಟೆ ಹತ್ತಿರದ ನಮ್ಮ ಊರಿನಲ್ಲಿ, 1961ರ ಮೇ ತಿಂಗಳಲ್ಲಿ. 1961ಕ್ಕೆ 54 ಕೂಡಿಸಿದರೆ 2015. ಅದರಲ್ಲಿ 60 ಮೂವತ್ತಮೂರು ಸಲ, ಅಂದರೆ 1980 ಹೋದರೆ ಉಳಿಯುವುದು 35. ಮೂವತ್ತೈದನೆಯದು ಪ್ಲವ. ಅಪ್ಪನ ಹಳೆಯ ಜಾತಕದಲ್ಲೂ ಪ್ಲವ ಅಂತಲೇ ಇದೆ.

ಇನ್ನು ನನ್ನದು. ನಾನು ಹುಟ್ಟಿದ್ದು 1987ರ ಫೆಬ್ರವರಿ. ನೇರವಾಗಿ ಲೆಕ್ಕ ಹಾಕಿದರೆ ಶೇಷ 1, ಪ್ರಭವ ಬರುತ್ತದೆ. ಅದು ತಪ್ಪು. ಸಂವತ್ಸರ ಬದಲಾಗುವುದು ಜನವರಿ ಒಂದಕ್ಕಲ್ಲ, ಯುಗಾದಿಗೆ. ಆ ವರ್ಷದ ಯುಗಾದಿ ಬಂದದ್ದು ಮಾರ್ಚ್ ಕೊನೆಯಲ್ಲಿ. ಹಾಗಾಗಿ ಯುಗಾದಿಗೆ ಮೊದಲು ಹುಟ್ಟಿದವರು ಹಿಂದಿನ ಇಸವಿಯನ್ನೇ ಹಿಡಿಯಬೇಕು. 1986ಕ್ಕೆ 54 ಸೇರಿಸಿದರೆ 2040. 60ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಶೇಷ ಸೊನ್ನೆ ಬಂದರೆ ಅದನ್ನು 60 ಅಂತ ತಿಳಿಯಬೇಕು, ಅಂದರೆ ಅಕ್ಷಯ. ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಹುಟ್ಟಿದ ಮಕ್ಕಳ ಹೆಸರಿನ ಮುಂದೆ ತಪ್ಪು ಸಂವತ್ಸರ ಬೀಳುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಆ ತಿಂಗಳುಗಳಲ್ಲಿ ಹುಟ್ಟಿದವರಿಗೆ ಆ ವರ್ಷದ ಯುಗಾದಿಯ ದಿನಾಂಕ ನೋಡದೆ ಬರೆಯಬೇಡಿ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೇ ಬಂದಿತ್ತು, 2024ರಲ್ಲಿ ಏಪ್ರಿಲ್ 9ಕ್ಕೆ.

ಈಗ ನಮ್ಮ ಮನೆಯ ವಿಷಯ. ನನ್ನ ಮಗಳು ಹುಟ್ಟಿದ್ದು ಇಲ್ಲೇ ನ್ಯೂಜೆರ್ಸಿಯಲ್ಲಿ, 2021ರ ಏಪ್ರಿಲ್ 12ರ ಸೋಮವಾರ ಬೆಳಿಗ್ಗೆ 9 ಗಂಟೆಗೆ. ಕೊರೋನಾ ಕಾಲ, ಊರಿಂದ ಯಾರೂ ಬರುವ ಹಾಗಿರಲಿಲ್ಲ. ಅಪ್ಪನಿಗೆ ಮುಂದಿನ ತಿಂಗಳು 60 ತುಂಬುವುದಿತ್ತು. ಚಕ್ರ ಒಂದು ಸುತ್ತು ಮುಗಿಸಿ ಮತ್ತೆ ಪ್ಲವಕ್ಕೇ ಬರುವ ವರ್ಷ ಅದು. ಮೊಮ್ಮಗಳು ತಮ್ಮದೇ ಸಂವತ್ಸರದಲ್ಲಿ ಹುಟ್ಟಲಿ ಅಂತ ಅವರಿಗೆ ತುಂಬಾ ಆಸೆ. ಸುದ್ದಿ ತಿಳಿದ ಕೂಡಲೇ ಗೋಡೆಯ ಕ್ಯಾಲೆಂಡರ್ ನೋಡಿದ್ದಾರೆ. ಅದರಲ್ಲಿ ಯುಗಾದಿ 13ನೇ ತಾರೀಖು. "ಒಂದೇ ಒಂದು ದಿನ ಮೊದಲು ಬಂದುಬಿಟ್ಟಳಲ್ಲೇ ಮಗಾ, ಶಾರ್ವರಿಯಾಯ್ತು" ಅಂದರು. ದನಿ ಸಣ್ಣಗಾಗಿತ್ತು.

ನಾನು ಇಲ್ಲಿಯ ದೇವಸ್ಥಾನದ ಪಂಚಾಂಗ ನೋಡಿದರೆ ಅದರಲ್ಲಿ ಯುಗಾದಿ 12ಕ್ಕೇ ಇದೆ! ಎರಡರಲ್ಲಿ ಒಂದು ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಎರಡೂ ಸರಿಯಾಗಿಯೇ ಇದ್ದವು.

ಸೂರ್ಯೋದಯದ ಹೊತ್ತಿಗೆ ಚೈತ್ರ ಶುದ್ಧ ಪಾಡ್ಯ ಇರುವ ದಿನ ಯುಗಾದಿ. ಅಮಾವಾಸ್ಯೆ ಮುಗಿಯುವ ಗಳಿಗೆ ಇಡೀ ಭೂಮಿಗೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಆ ಸಲ ಅಮಾವಾಸ್ಯೆ ಮುಗಿದದ್ದು ಭಾರತದ ಗಡಿಯಾರದಲ್ಲಿ 12ರ ಬೆಳಿಗ್ಗೆ ಸುಮಾರು 8ಕ್ಕೆ. ಸೋಮವಾರಪೇಟೆಯಲ್ಲಿ ಆಗಲೇ ಸೂರ್ಯ ಹುಟ್ಟಿ ಒಂದೂವರೆ ಗಂಟೆಯ ಮೇಲಾಗಿತ್ತು. ಸೂರ್ಯೋದಯಕ್ಕೆ ಇನ್ನೂ ಅಮಾವಾಸ್ಯೆ ಇದ್ದುದರಿಂದ ಆ ದಿನ ಅಮಾವಾಸ್ಯೆಯ ಲೆಕ್ಕಕ್ಕೆ ಹೋಯಿತು, ಯುಗಾದಿ ಮರುದಿನಕ್ಕೆ. ಅದೇ ಗಳಿಗೆ ನ್ಯೂಜೆರ್ಸಿಯಲ್ಲಿ 11ರ ರಾತ್ರಿ ಹತ್ತೂವರೆ. ಇಲ್ಲಿ 12ರ ಬೆಳಿಗ್ಗೆ ಸೂರ್ಯ ಹುಟ್ಟುವಾಗ ಪಾಡ್ಯವೇ ನಡೆಯುತ್ತಿತ್ತು. ಹಾಗಾಗಿ ಇಲ್ಲಿ ಅವತ್ತೇ ಯುಗಾದಿ, ಅವತ್ತೇ ಪ್ಲವ.

ಅಪ್ಪ ಇಷ್ಟಕ್ಕೆ ಒಪ್ಪಲಿಲ್ಲ. "ನೀನು ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ" ಅಂತ ನಮ್ಮ ಪುರೋಹಿತರನ್ನೇ ಕೇಳಿದರು. ಅವರು ಕೇಳಿದ್ದು ಎರಡೇ ಮಾತು: ಮಗು ಹುಟ್ಟಿದ ಊರು ಯಾವುದು, ಅಲ್ಲಿಯ ಗಂಟೆ ಎಷ್ಟು. ಜಾತಕ ಬರೆಯುವುದು ಹುಟ್ಟಿದ ಊರಿನ ಸೂರ್ಯೋದಯದ ಮೇಲೆ, ಅಜ್ಜನ ಮನೆಯ ಕ್ಯಾಲೆಂಡರ್ ಮೇಲಲ್ಲ ಅಂದರಂತೆ. ಮಗು ಹುಟ್ಟಿದ ಬೆಳಗಿನ 9 ಗಂಟೆ ಅಂದರೆ ಊರಿನಲ್ಲಿ ಸಂಜೆ ಆರೂವರೆ. ಆ ಹೊತ್ತಿಗೆ ಊರಿನಲ್ಲೂ ಅಮಾವಾಸ್ಯೆ ಕಳೆದು ಪಾಡ್ಯ ಬಂದಿತ್ತು ಅಂತಲೂ ತೋರಿಸಿಕೊಟ್ಟರು. ಜಾತಕದಲ್ಲಿ "ಪ್ಲವನಾಮ ಸಂವತ್ಸರ, ಚೈತ್ರ ಶುದ್ಧ ಪಾಡ್ಯ, ಸೋಮವಾರ" ಅಂತ ಬರೆದು ಫೋಟೋ ಕಳಿಸಿದಾಗ ಅಪ್ಪ ಫೋನಿನಲ್ಲಿ ಅತ್ತುಬಿಟ್ಟರು.

ಹಾಗಾಗಿ ನಿಮ್ಮ ಮಗು ಯುಗಾದಿಯ ಹಿಂದು ಮುಂದಿನ ದಿನಗಳಲ್ಲಿ ಈ ದೇಶದಲ್ಲಿ ಹುಟ್ಟಿದ್ದರೆ, ಊರಿನ ಕ್ಯಾಲೆಂಡರ್ ಬೇಡ, ಹುಟ್ಟಿದ ನಗರಕ್ಕೆ ಗಣಿಸಿದ ಪಂಚಾಂಗ ನೋಡಿ. ಇಂಟರ್‌ನೆಟ್ಟಿನಲ್ಲಿ ನೋಡುವವರಿಗೆ ಇನ್ನೊಂದು ಮಾತು: ಉತ್ತರ ಭಾರತದ ಪದ್ಧತಿಯಲ್ಲಿ ಇದೇ 60 ಹೆಸರುಗಳು ಗುರುಗ್ರಹದ ಚಲನೆಯ ಮೇಲೆ ನಡೆಯುತ್ತವೆ. ಗುರು ಒಂದು ರಾಶಿ ದಾಟಲು ಸರಾಸರಿ 361 ದಿನ, ಅಂದರೆ ವರ್ಷಕ್ಕಿಂತ ಸ್ವಲ್ಪ ಕಡಿಮೆ. ಅದಕ್ಕೆ ಅಲ್ಲಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರು ಬಿಟ್ಟುಹೋಗುತ್ತದೆ. ದಕ್ಷಿಣದಲ್ಲಿ ಹಾಗೆ ಬಿಡುವುದಿಲ್ಲ. ನಿಮಗೆ ಸಿಕ್ಕ ಹೆಸರು ನಮ್ಮದಕ್ಕಿಂತ ಹದಿಮೂರರಷ್ಟು ಮುಂದಿದ್ದರೆ ಅದು ಉತ್ತರದ ಲೆಕ್ಕ.

*ಒಬ್ಬರ ಪ್ರಶ್ನೆ:* ಅಕ್ಕಾ, ನಮ್ಮ ಮಗ ಹುಟ್ಟಿದ್ದು 2025ರ ಏಪ್ರಿಲ್ 5. ನೀವು ಹೇಳಿದ ಹಾಗೆ ಮಾಡಿದರೆ 39, ವಿಶ್ವಾವಸು. ಯುಗಾದಿ ಮಾರ್ಚ್ 30ಕ್ಕೇ ಆಗಿತ್ತು. ಆದರೆ ನಮ್ಮ ಅತ್ತೆ ಮನೆಯವರು ಸಿದ್ದಾಪುರದ ತಮಿಳರು. ಅವರು ಕ್ರೋಧಿ ಅಂತಾರೆ. ಯಾರದ್ದು ತಪ್ಪು?

*ನನ್ನ ಉತ್ತರ:* ಯಾರದ್ದೂ ತಪ್ಪಲ್ಲ ತಂಗಿ. ನಮ್ಮದು ಚಾಂದ್ರಮಾನ, ವರ್ಷ ಯುಗಾದಿಗೆ ತಿರುಗುತ್ತದೆ. ತಮಿಳರದ್ದು ಸೌರಮಾನ. ಹೆಸರುಗಳು ಅವೇ, ಕ್ರಮವೂ ಅದೇ, ಆದರೆ ವರ್ಷ ತಿರುಗುವುದು ಸೂರ್ಯ ಮೇಷಕ್ಕೆ ಬರುವಾಗ, ಏಪ್ರಿಲ್ 14ರ ಸುಮಾರಿಗೆ. ನಮ್ಮ ಕೊಡಗಿನಲ್ಲಿ ಕೊಡವರು ಎಡಮ್ಯಾರ್ ಒಂದು ಅಂತ ಹೊಸ ವರ್ಷ ಮಾಡುವುದೂ ಆ ದಿನವೇ ಅಲ್ಲವೇ. ನಿಮ್ಮ ಮಗ ಈ ಎರಡರ ನಡುವೆ ಹುಟ್ಟಿದ್ದಾನೆ. ವಂಶವೃಕ್ಷದಲ್ಲಿ "ಚಾಂದ್ರಮಾನ ವಿಶ್ವಾವಸು, ಸೌರಮಾನ ಕ್ರೋಧಿ" ಅಂತ ಎರಡನ್ನೂ ಬರೆಸಿ. ಒಂದನ್ನೇ ಬರೆದರೆ ಮುಂದೆ ಅವನ ಅರವತ್ತರ ಶಾಂತಿಗೆ ದಿನ ನೋಡುವವರು ಯಾವ ಮಾನದ್ದು ಅಂತ ತಿಳಿಯದೆ ಒದ್ದಾಡಬೇಕಾಗುತ್ತದೆ.